ಹಾಸಿಗೆ ಪಕ್ಕದ ಸ್ಟೂಲು

ಕುಂದಾಪುರದ ಆಸ್ಪತ್ರೆಯೊಂದರ ಜನರಲ್ ವಾರ್ಡು. ಸಂಜೆ ನಾಲ್ಕಕ್ಕೆ ಕಾವಲಿನವ ಬಾಗಿಲು ಬಿಟ್ಟನೆಂದರೆ ಅರ್ಧ ತಾಲ್ಲೂಕು ಒಳಗೆ ನುಗ್ಗುತ್ತದೆ. ಉಪ್ಪುಂದದಿಂದ ಬಂದ ಮಗಳ ಕೈಯಲ್ಲಿ ಗಂಜಿಯ ಫ್ಲಾಸ್ಕು, ಅದರ ಮೇಲೆ ಉಪ್ಪಿನಕಾಯಿಯ ಪುಟ್ಟ ಡಬ್ಬಿ. ಹೆಮ್ಮಾಡಿಯ ಅಳಿಯನ ಜೇಬಿನಲ್ಲಿ ಆನೆಗುಡ್ಡೆಯ ಪಂಚಕಜ್ಜಾಯದ ಪೊಟ್ಟಣ. ಕೊಲ್ಲೂರಿಗೆ ಹೋಗಿ ಬಂದ ಅತ್ತಿಗೆ ಕುಂಕುಮವನ್ನು ಮಾತ್ರೆಯ ಚೀಟಿಯಲ್ಲೇ ಮಡಚಿ ತಂದಿದ್ದಾಳೆ. ಗಂಗೊಳ್ಳಿಯ ಮುದುಕರೊಬ್ಬರ ತಲೆದೆಸೆಯಲ್ಲಿ ಅವರ ಮಗ ನಿಂತು, ತುಟಿ ಅಲುಗಾಡಿಸುತ್ತ, ನೀರಿನ ಬಾಟಲಿಗೆ ಮೆಲ್ಲಗೆ ಊದುತ್ತಾನೆ. ಮೂಲೆಯ ಹಾಸಿಗೆಯ ಕೊಂಕಣಿ ಬಾಯಿಯೊಬ್ಬರ ಬೆರಳುಗಳ ನಡುವೆ ಜಪಸರದ ಮಣಿಗಳು ಸರಿಯುತ್ತಿವೆ. ಡ್ರಿಪ್ ಹಾಕಿದ ಕೈಗೇ ಮಂತ್ರಿಸಿದ ನೂಲು ಕಟ್ಟಲು ಹೊರಟವರನ್ನು ಸಿಸ್ಟರ್ ಗದರುತ್ತಾರೆ: ‘ಆ ಕೈಗೆ ಬ್ಯಾಡ ಮಾರ್ರೆ, ಈ ಕೈಗೆ ಕಟ್ಟಿ.’

ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಂದು ಕಬ್ಬಿಣದ ಸ್ಟೂಲು. ಬಂದವರಲ್ಲಿ ಒಬ್ಬರು ಕೂರುತ್ತಾರೆ, ಉಳಿದವರು ನಿಂತೇ ಮಾತಾಡುತ್ತಾರೆ. ನಾನು ನೋಡಲು ಹೋದದ್ದು ಆ ಸ್ಟೂಲನ್ನು. ಅದರ ಮೇಲೆ ಇನ್ನೂ ಒಬ್ಬರನ್ನು ಕೂರಿಸಿ, ಅದರಿಂದ ರೋಗಿಯ ಮನಸ್ಸಿಗೆ ಏನಾದರೂ ನೆಮ್ಮದಿ ಸಿಗುತ್ತದೆಯೇ ಎಂದು ಅಳೆಯಲು ನನ್ನ ಪರಿಚಯದ ನರ್ಸಿಂಗ್ ಅಧ್ಯಾಪಕಿಯೊಬ್ಬರು ಅಧ್ಯಯನದ ಕರಡು ಬರೆಯುತ್ತಿದ್ದಾರೆ. ಆ ಇನ್ನೊಬ್ಬರು ಚಾಪ್ಲೇನ್, ರೋಗಿಯ ಬಳಿ ಕೂತು ಕೇಳಿಸಿಕೊಳ್ಳಲು ತರಬೇತಿ ಪಡೆದವರು. ಅಧ್ಯಯನ ಇನ್ನೂ ಕಾಗದದಲ್ಲೇ ಇದೆ, ಒಬ್ಬ ರೋಗಿಯನ್ನೂ ಮುಟ್ಟಿಲ್ಲ. ಸಂಶೋಧನೆಯವರು ಪ್ರೋಟೋಕಾಲ್ ಎನ್ನುವ ಈ ಕಾಗದವನ್ನು ಓದುವ ಅಭ್ಯಾಸ ಹೊರಗಿನವರಿಗೆ ಇರುವುದಿಲ್ಲ. ಆದರೆ ಒಂದು ಅಧ್ಯಯನ ಎಡವುವುದೋ ನಿಲ್ಲುವುದೋ ತೀರ್ಮಾನವಾಗುವುದು ಬಹುಮಟ್ಟಿಗೆ ಅಲ್ಲೇ.

ಕರಾವಳಿಗೆ ಚಾಪ್ಲೇನ್ ತೀರಾ ಅಪರಿಚಿತರಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದ್ದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆಯಿತು. ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಕಟ್ಟಿದ್ದನ್ನು ಬ್ರಹ್ಮಾವರ, ಬಾರ್ಕೂರಿನ ಹಳಬರು ಇವತ್ತಿಗೂ ‘ಮಿಶನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಇಂಥ ಆಸ್ಪತ್ರೆಗಳಲ್ಲಿ ಪ್ರಾರ್ಥನೆಯೂ ಪಾದ್ರಿಯೂ ಮೊದಲಿನಿಂದ ಇದ್ದವರೇ. ವೆಲ್ಲೂರಿನ ಸಿಎಂಸಿಯಲ್ಲಿ ಅದಕ್ಕೊಂದು ವಿಭಾಗವೇ ಇದೆ. ಆದರೆ ಅಧ್ಯಾಪಕಿಯ ಕರಡಿನಲ್ಲಿರುವ ಚಾಪ್ಲೇನ್ ಪೂಜೆ ಮಾಡಿಸುವವರಲ್ಲ. ಅವರ ಮೂಲ ಬೇರೆ ಕಡೆಗಿದೆ. 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬೋಯ್ಸನ್ ಎಂಬ ಪಾದ್ರಿ ಕೆಲವು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದು, ಪುಸ್ತಕ ಬಿಟ್ಟು ರೋಗಿಗಳನ್ನು ಓದಿ ಎಂದ. ಸ್ವತಃ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿ ಬಂದವನು ಅವನು. ಕೇಳಿಸಿಕೊಳ್ಳುವುದನ್ನು ಒಬ್ಬ ಮೇಲ್ವಿಚಾರಕನ ಕೆಳಗೆ ತಿದ್ದಿಸಿಕೊಂಡು ಕಲಿಯುವ ತರಬೇತಿ ಅಲ್ಲಿಂದ ಬೆಳೆಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಹಿಂದೂ, ಮುಸ್ಲಿಂ ಚಾಪ್ಲೇನ್‌ಗಳೂ ಇದ್ದಾರೆ. ನೆದರ್ಲೆಂಡ್ಸಿನಲ್ಲಿ ಯಾವ ದೇವರನ್ನೂ ನಂಬದ ಮಾನವತಾವಾದಿ ಸಲಹೆಗಾರರೂ ಅದೇ ಕೆಲಸ ಮಾಡುತ್ತಾರೆ.

ಅಧ್ಯಾಪಕಿಯ ಮೊದಲ ತಲೆನೋವು ಇದೇ ವಾರ್ಡಿನದು. ಪಾಶ್ಚಾತ್ಯ ಅಧ್ಯಯನಗಳು ಒಂಟಿಯಾಗಿ ಮಲಗಿದ ರೋಗಿಯನ್ನು ಕಣ್ಣಮುಂದೆ ಇಟ್ಟುಕೊಂಡು ಹೊರಡುತ್ತವೆ. ಚಾಪ್ಲೇನ್ ಬಂದರೆ ಒಬ್ಬರು ಬಂದಂತೆ, ಬಾರದಿದ್ದರೆ ಯಾರೂ ಇಲ್ಲ. ಇಲ್ಲಿ ಹಾಗಲ್ಲ. ಬೈಂದೂರಿನಿಂದ ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದವರು, ಹರಕೆ ಹೇಳಿಕೊಂಡವರು, ‘ಮಾರಣಕಟ್ಟೆಗೆ ಹೋಗಿ ಬತ್ತೆ’ ಎಂದು ಮಾತು ಕೊಟ್ಟವರು ಆಗಲೇ ಸ್ಟೂಲಿನ ಸುತ್ತ ಇದ್ದಾರೆ. ಹೋಲಿಕೆಗೆ ಇಟ್ಟುಕೊಳ್ಳುವ ಗುಂಪಿಗೂ ದೇವರು, ನೆಂಟರು, ಪ್ರಸಾದ ಎಲ್ಲ ಇದ್ದೇ ಇರುತ್ತದೆ. ಅಂದಮೇಲೆ ಈ ಊರಿನಲ್ಲಿ ಕೇಳಬೇಕಾದದ್ದು ‘ಧಾರ್ಮಿಕ ಆರೈಕೆಯಿಂದ ಉಪಯೋಗವಿದೆಯೇ’ ಎಂದಲ್ಲ. ಇಷ್ಟೆಲ್ಲ ಇದ್ದ ಮೇಲೂ, ನೆಂಟರಲ್ಲದ, ಊರಿನವರಲ್ಲದ, ತರಬೇತಿ ಪಡೆದ ಒಬ್ಬರು ಕೂತು ಕೇಳಿಸಿಕೊಂಡರೆ ಅದರಿಂದ ಹೆಚ್ಚಿಗೆ ಏನು ಎಂಬುದು ಪ್ರಶ್ನೆ. ಪ್ರಶ್ನೆ ಸಣ್ಣದಾಯಿತು, ನಿಜ. ಆದರೆ ಉತ್ತರ ಸಿಗಬಹುದಾದ ಪ್ರಶ್ನೆಯಾಯಿತು.

ನೆಂಟರಿಗೆ ಹೇಳಲಾಗದ ಮಾತುಗಳು ಇರುತ್ತವೆ. ಸೊಸೆಯ ಎದುರು ಮಗನ ಸಾಲದ ಮಾತು ಆಡುವಂತಿಲ್ಲ. ‘ನಾನು ಉಳಿಯುತ್ತೇನಾ’ ಎಂದು ಮಗಳನ್ನು ಕೇಳಿದರೆ ಅವಳು ಅಳುತ್ತಾಳೆ. ಹರಕೆ ತೀರಿಸದೆ ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ರಾತ್ರಿಯಿಡೀ ಲೆಕ್ಕ ಹಾಕುವವರು ಅದನ್ನು ಡಾಕ್ಟರಿಗೆ ಹೇಳುವುದಿಲ್ಲ. ಕರಡಿನ ಊಹೆ ಇಷ್ಟೇ: ಈ ಮಾತುಗಳಿಗೆ ಒಂದು ಕಿವಿ ಸಿಕ್ಕರೆ, ಮನೆಗೆ ಹೋದ ಮೇಲೆ ಮನಸ್ಸು ಸ್ವಲ್ಪ ಹಗುರಾಗಿರಬಹುದು.

ರೋಗ ಬೇಗ ವಾಸಿಯಾಗುತ್ತದೆ ಎಂದು ಕರಡಿನಲ್ಲಿ ಎಲ್ಲೂ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಆ ದಾರಿಯಲ್ಲಿ ಹೋದ ದೊಡ್ಡ ಅಧ್ಯಯನವೊಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ಗುಂಪಿಗಾಗಿ ದೂರದಿಂದ ಅಪರಿಚಿತರು ಪ್ರಾರ್ಥಿಸಿದರು. ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದು ಹೇಳಿದ್ದ ಎರಡು ಗುಂಪುಗಳಲ್ಲಿ ತೊಡಕು ಕಂಡವರು ಹೆಚ್ಚುಕಡಿಮೆ ಸಮ: ಪ್ರಾರ್ಥನೆ ಇದ್ದವರಲ್ಲಿ ಶೇ 52, ಇಲ್ಲದವರಲ್ಲಿ ಶೇ 51. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ತಿಳಿಸಿದ್ದ ಮೂರನೆಯ ಗುಂಪಿನಲ್ಲಿ ಅದು ಶೇ 59. ಕಾಕತಾಳೀಯವೂ ಇರಬಹುದು. ಆದರೆ ಕುಂದಾಪುರದ ಯಾವ ಅಜ್ಜಿಗೂ ಆ ಮೂರನೆಯ ಗುಂಪು ಅರ್ಥವಾಗುತ್ತದೆ. ಕರೆಯದೆ ಬಂದ ಪಾದ್ರಿಯನ್ನೋ ಭಟ್ಟರನ್ನೋ ಹಾಸಿಗೆಯ ಬಳಿ ಕಂಡರೆ ಮೊದಲು ಬರುವ ಯೋಚನೆ ‘ನನ್ನ ಕಾಲ ಬಂತು’ ಎಂದೇ. ಕ್ಯಾಥೊಲಿಕ್ ಮನೆಗಳಲ್ಲಿ ಪವಿತ್ರ ತೈಲದ ಅಭ್ಯಂಜನವನ್ನು ಎರಡನೇ ವ್ಯಾಟಿಕನ್ ಸಭೆಯ ನಂತರ ರೋಗಿಗಳ ಸಂಸ್ಕಾರವೆಂದು ಬದಲಾಯಿಸಿದರೂ, ಹಿರಿಯರು ಅದನ್ನು ಇನ್ನೂ ಸಾವಿನ ಗುರುತೆಂದೇ ನೋಡುವುದುಂಟು. ಹಾಗಾಗಿ ಕರಡಿನಲ್ಲಿ ‘ಸಂಭವನೀಯ ಹಾನಿ’ ಎಂಬ ತಲೆಬರಹದ ಕೆಳಗೆ ಮೊದಲ ಸಾಲು: ರೋಗಿಯು ಹೆದರಬಹುದು.

ಆ ಹೆದರಿಕೆಗೆ ಕರಡು ಕಂಡುಕೊಂಡ ದಾರಿ ತೀರಾ ಲೌಕಿಕ. ಚಾಪ್ಲೇನ್ ನಿಲುವಂಗಿ ಹಾಕುವಂತಿಲ್ಲ. ಸಾದಾ ಉಡುಪು, ಕೊರಳಲ್ಲಿ ಗುರುತಿನ ಚೀಟಿ. ಮೊದಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯುವವರು ಸಂಶೋಧನಾ ಸಹಾಯಕಿ, ಚಾಪ್ಲೇನ್ ಅಲ್ಲ. ಆಸ್ಪತ್ರೆಯಲ್ಲಿರುವಾಗ ಎರಡು ಭೇಟಿ, ಒಂದೊಂದು ಅರ್ಧ ಗಂಟೆಯ ಒಳಗೆ. ಚಾಪ್ಲೇನ್ ತಾವಾಗಿ ಪ್ರಾರ್ಥನೆ ಶುರುಮಾಡುವಂತಿಲ್ಲ, ಪುಸ್ತಕ, ಚಿತ್ರ, ಕರಪತ್ರ ಕೊಡುವಂತಿಲ್ಲ, ಡಿಸ್ಚಾರ್ಜ್ ಆದ ಮೇಲೆ ಮನೆಗೆ ಹೋಗುವಂತಿಲ್ಲ. ರೋಗಿ ತನ್ನ ಧರ್ಮದವರನ್ನು ಕೇಳಿದರೆ ಅವರಿಗೆ ಫೋನು ಮಾಡಿಸಬೇಕು. ಪ್ರತಿ ಭೇಟಿಯ ಕೊನೆಗೆ ಒಂದು ಪುಟ ತುಂಬಬೇಕು: ಎಷ್ಟು ಹೊತ್ತು ಕೂತರು, ಹೆಚ್ಚು ಮಾತಾಡಿದ್ದು ಯಾರು, ಪ್ರಾರ್ಥನೆ ಕೇಳಿದರೇ, ಯಾರನ್ನಾದರೂ ಕರೆಸಿದರೇ. ರೋಗಿ ಹೇಳಿದ ಗುಟ್ಟು ಆ ಪುಟದಲ್ಲಿ ಬರುವುದಿಲ್ಲ. ಈ ಪುಟ ಇಲ್ಲದಿದ್ದರೆ ಕೊನೆಗೆ ಉಪಯೋಗ ಕಂಡರೂ ಏನು ಮಾಡಿದ್ದರಿಂದ ಎಂದು ಹೇಳಲಾಗುವುದಿಲ್ಲ. ಹಳೆಯ ಹಲವು ಅಧ್ಯಯನಗಳ ದೌರ್ಬಲ್ಯವೇ ಇದು: ‘ಚಾಪ್ಲೇನ್ ಭೇಟಿ ನೀಡಿದರು’ ಎಂಬ ಒಂದೇ ಸಾಲು, ಒಳಗೆ ನಡೆದದ್ದು ಕತ್ತಲೆ.

ಇನ್ನು ಯಾರಿಗೆ ಭೇಟಿ, ಯಾರಿಗೆ ಇಲ್ಲ? ಔಷಧದ ಪರೀಕ್ಷೆಯಲ್ಲಾದರೆ ಒಬ್ಬೊಬ್ಬ ರೋಗಿಗೂ ಚೀಟಿ ಎತ್ತಬಹುದು. ಈ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಎರಡು ಮಾರು ದೂರವೂ ಇಲ್ಲ. ಏಳನೆಯ ಹಾಸಿಗೆಯಲ್ಲಿ ಕೂತ ಚಾಪ್ಲೇನ್ ಆಡಿದ ಮಾತು ಎಂಟನೆಯ ಹಾಸಿಗೆಯವರಿಗೆ ಕೇಳುತ್ತದೆ, ಕೇಳುವುದಷ್ಟೇ ಅಲ್ಲ, ಅವರೂ ಮಾತಿಗೆ ಸೇರುತ್ತಾರೆ. ನಮ್ಮ ಕಡೆ ಪಕ್ಕದ ಹಾಸಿಗೆಯವರ ಸ್ಕ್ಯಾನಿಂಗ್ ರಿಪೋರ್ಟಿನ ಮೇಲೂ ಎಲ್ಲರಿಗೂ ಹಕ್ಕಿದೆ. ಆದ್ದರಿಂದ ಕರಡು ವ್ಯಕ್ತಿಗಳ ಬದಲು ವಾರಗಳನ್ನು ಚೀಟಿ ಎತ್ತುತ್ತದೆ. ಒಂದು ವಾರ ಚಾಪ್ಲೇನ್ ಇರುವ ವಾರ, ಇನ್ನೊಂದು ಇಲ್ಲದ ವಾರ. ಸೋಮವಾರದಿಂದ ಬುಧವಾರದ ತನಕ ಹತ್ತು ಮಂದಿಯನ್ನು ಸೇರಿಸಿಕೊಳ್ಳುವುದು, ಶನಿವಾರದೊಳಗೆ ಎರಡೂ ಭೇಟಿ ಮುಗಿಸುವುದು, ಭಾನುವಾರ ಖಾಲಿ. ಹದಿನೆಂಟು ದಾಟಿದವರು, ಕನಿಷ್ಠ ಮೂರು ದಿನ ಇರಬಹುದಾದವರು, ಮಾತಾಡಲು ತ್ರಾಣ ಇರುವವರು ಮಾತ್ರ. ದಾಖಲಾಗಿ ಒಂದು ದಿನ ಕಳೆಯದವರನ್ನೂ ಐಸಿಯುನವರನ್ನೂ ಜ್ವರದಲ್ಲಿ ಬಡಬಡಿಸುವವರನ್ನೂ ಕೇಳುವಂತಿಲ್ಲ.

ಈ ಏರ್ಪಾಟಿನಲ್ಲಿ ಒಂದು ಕಳ್ಳಗಿಂಡಿ ಇದೆ. ಈ ವಾರ ಚಾಪ್ಲೇನ್ ಇದ್ದಾರೆ ಎಂದು ಸಹಾಯಕಿಗೆ ಮೊದಲೇ ಗೊತ್ತಿದ್ದರೆ, ಅವಳು ತನಗರಿವಿಲ್ಲದೆಯೇ ನಗುಮುಖದವರನ್ನು, ಮಾತಿಗೆ ಸಿಗುವವರನ್ನು ಆರಿಸುತ್ತಾಳೆ. ಇಲ್ಲದ ವಾರದಲ್ಲಿ ಯಾರು ಸಿಕ್ಕರೂ ಸರಿ. ಕೊನೆಗೆ ಎರಡು ಗುಂಪಿನ ನಡುವೆ ಕಾಣುವ ವ್ಯತ್ಯಾಸ ಚಾಪ್ಲೇನರದ್ದಲ್ಲ, ಸಹಾಯಕಿಯ ಆಯ್ಕೆಯದ್ದು. ಅದಕ್ಕೇ ವಾರದ ಚೀಟಿ ಬೇರೆ ಊರಿನ ಕಚೇರಿಯಲ್ಲಿ ಮುಚ್ಚಿದ ಲಕೋಟೆಯಲ್ಲಿರುತ್ತದೆ. ಬುಧವಾರ ಸಂಜೆ ಹತ್ತನೆಯವರ ಒಪ್ಪಿಗೆ ಪತ್ರ ಮತ್ತು ಮೊದಲ ಪ್ರಶ್ನಾವಳಿ ಮುಗಿದ ಮೇಲೆಯೇ ಅದನ್ನು ಒಡೆಯುವುದು. ಹಾಗಾಗಿ ಎರಡೂ ಭೇಟಿಗಳು ಗುರುವಾರದಿಂದ ಶನಿವಾರದ ನಡುವೆ ಮುಗಿಯಬೇಕು. ಅಷ್ಟರೊಳಗೆ ಡಿಸ್ಚಾರ್ಜ್ ಆಗಿ ಹೋದವರನ್ನೂ ಲೆಕ್ಕದಿಂದ ಕೈಬಿಡುವಂತಿಲ್ಲ, ಅವರು ಯಾವ ವಾರದವರೋ ಆ ವಾರದ ಗುಂಪಿನಲ್ಲೇ ಉಳಿಯುತ್ತಾರೆ. ಮೋಸ ನಡೆದಿದೆಯೇ ಎಂದು ತಿಳಿಯುವ ದಾರಿಯೂ ಕರಡಿನಲ್ಲಿದೆ: ಎರಡು ಬಗೆಯ ವಾರಗಳಲ್ಲಿ ಒಪ್ಪದೆ ಹೋದವರ ಸಂಖ್ಯೆ ಮತ್ತು ಸೇರಿದವರ ವಯಸ್ಸು ಬಹಳ ಬೇರೆಯಾಗಿ ಬಂದರೆ ಲಕೋಟೆ ಎಲ್ಲೋ ಸೋರಿದೆ ಎಂದರ್ಥ.

ವಾರಗಳನ್ನು ನಾಲ್ಕು ನಾಲ್ಕಾಗಿ ಕಟ್ಟಿ, ಪ್ರತಿ ಕಟ್ಟಿನಲ್ಲಿ ಎರಡು ಇದು, ಎರಡು ಅದು ಬರುವಂತೆ ಮಾಡಿದ್ದಾರೆ. ಕಾರಣ ಮಳೆ. ಜುಲೈಯ ವಾರ್ಡೇ ಬೇರೆ, ಜನವರಿಯ ವಾರ್ಡೇ ಬೇರೆ. ಮಳೆಗಾಲದಲ್ಲಿ ಗದ್ದೆಗಿಳಿದವರು ಇಲಿಜ್ವರ ಹೊತ್ತು ಬರುತ್ತಾರೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನವರೂ ಊರಲ್ಲೇ ಇರುತ್ತಾರೆ. ಕೋಟೇಶ್ವರದ ಕೊಡಿಹಬ್ಬದ ವಾರ ನಡೆದಾಡಬಲ್ಲ ರೋಗಿ ಯಾರೂ ವಾರ್ಡಿನಲ್ಲಿ ಉಳಿಯುವುದಿಲ್ಲ ಎಂದು ಸಿಸ್ಟರ್ ನಕ್ಕರು. ಚಾಪ್ಲೇನ್ ವಾರಗಳೆಲ್ಲ ಬೇಸಗೆಗೆ ಬಿದ್ದರೆ ಹವೆಯ ಪುಣ್ಯವೂ ಅವರ ಖಾತೆಗೆ ಸೇರಿಬಿಡುತ್ತದೆ.

ಎಷ್ಟು ಮಂದಿ ಬೇಕು ಎಂಬ ಲೆಕ್ಕವನ್ನು ಅಧ್ಯಾಪಕಿ ಹಳೆಯ ಡೈರಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಅಳೆಯುವ ಸಾಧನ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಸ್ವಾಸ್ಥ್ಯ ಸೂಚ್ಯಂಕ. ಉಲ್ಲಾಸ, ನೆಮ್ಮದಿ, ಚುರುಕು, ಎದ್ದಾಗಿನ ಹೊಸತನ, ದಿನದಲ್ಲಿ ಆಸಕ್ತಿ ಎಂಬ ಐದಕ್ಕೂ ಸೊನ್ನೆಯಿಂದ ಐದರ ತನಕ ಅಂಕ; ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರರ ಮಾಪನ. ಹತ್ತು ಅಂಕದ ವ್ಯತ್ಯಾಸ ಬಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಬದಲಾವಣೆ ಎಂದು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಜನರಿಂದ ಜನರಿಗೆ ಅಂಕಗಳ ಹರಡುವಿಕೆ 22ರಷ್ಟು ಎಂದು ಅಂದಾಜಿಸಿದರೆ, ಇರುವ ವ್ಯತ್ಯಾಸ ಹತ್ತರಲ್ಲಿ ಎಂಟು ಸಲ ಕಣ್ಣಿಗೆ ಬೀಳಬೇಕಾದರೆ ಗುಂಪಿಗೆ 76 ಮಂದಿ ಸಾಕು. ಆದರೆ ಒಂದೇ ವಾರ ಮಲಗಿದವರು ಒಂದೇ ಸೆಕೆಯನ್ನು, ಒಂದೇ ಸಿಡುಕಿನ ರಾತ್ರಿಪಾಳಿಯನ್ನು ಅನುಭವಿಸಿದವರು. ಅವರ ಉತ್ತರಗಳು ಸ್ವಲ್ಪ ಒಂದರಂತೆ ಒಂದು ಇರುತ್ತವೆ, ಹತ್ತು ಮಂದಿಯಾದರೂ ಹತ್ತು ಮಂದಿಯಷ್ಟು ಹೊಸ ವಿಷಯ ಸಿಗುವುದಿಲ್ಲ. ಈ ಹೋಲಿಕೆಯನ್ನು ಶೇಕಡಾ ಐದರಷ್ಟು ಎಂದಿಟ್ಟುಕೊಂಡರೆ ಸಂಖ್ಯೆ 1.45 ಪಟ್ಟು ಏರಿ 110 ಆಗುತ್ತದೆ. ಐವರಲ್ಲಿ ಒಬ್ಬರು ನಡುವೆ ಕೈಬಿಟ್ಟು ಹೋಗುತ್ತಾರೆ ಎಂದುಕೊಂಡರೆ 138. ಎರಡು ಗುಂಪಿಗೆ 276, ವಾರಕ್ಕೆ ಹತ್ತರಂತೆ 28 ವಾರ. ‘ಎಪ್ಪತ್ತಾರರಿಂದ ಹೊರಟು ನೂರ ಮೂವತ್ತೆಂಟಕ್ಕೆ ಬಂದು ನಿಂತೆ. ಎಲ್ಲ ಈ ಎರಡು ಮಾರು ಅಂತರದಿಂದಾಗಿ ಮಾರ್ರೆ’ ಎಂದರು.

ಆ ಐದು ಪ್ರಶ್ನೆಗಳೂ ‘ಕಳೆದ ಎರಡು ವಾರಗಳಲ್ಲಿ’ ಎಂದು ಶುರುವಾಗುತ್ತವೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೊರಡುವವರನ್ನು ಡಿಸ್ಚಾರ್ಜ್ ದಿನ ಕೇಳಿದರೆ, ಅವರು ಬಹುಪಾಲು ಆಸ್ಪತ್ರೆಗೆ ಬರುವ ಮುಂಚಿನ ದಿನಗಳ ಬಗ್ಗೆಯೇ ಉತ್ತರಿಸುತ್ತಾರೆ. ಸೊಳ್ಳೆಯ ನಡುವೆ ರಾತ್ರಿ ಕಳೆದವರನ್ನು ‘ಎದ್ದಾಗ ಹೊಸತನ ಇತ್ತೇ’ ಎಂದು ಕೇಳುವುದೂ ಒಂದು ತಮಾಷೆ. ಅದಕ್ಕೆ ಮುಖ್ಯ ಅಳತೆಯನ್ನು ಮನೆಗೆ ಹೋದ ಹದಿನಾಲ್ಕನೆಯ ದಿನಕ್ಕೆ ಇಟ್ಟಿದ್ದಾರೆ. ಅಲ್ಲಿ ಇನ್ನೊಂದು ತೊಡಕು ಕಾದಿದೆ. ಗಂಗೊಳ್ಳಿಯ ಬೋಟಿನವ ಆ ದಿನ ಆಳಸಮುದ್ರದಲ್ಲಿರಬಹುದು, ಫೋನಿಗೆ ಸಿಗುವುದಿಲ್ಲ. ಹದಿನಾಲ್ಕರಿಂದ ಇಪ್ಪತ್ತೊಂದನೆಯ ದಿನದ ತನಕ ಕಾಯುವ ಅವಕಾಶ ಬರೆದಿದ್ದಾರೆ. ಆಮೇಲೂ ಸಿಗದವರು ಆ ಐವರಲ್ಲಿ ಒಬ್ಬರು.

ಪ್ರಶ್ನೆಯನ್ನು ಓದಿ ಹೇಳುವ ಭಾಷೆಯೂ ಸುಲಭದ್ದಲ್ಲ. ಬೈಂದೂರು, ಕುಂದಾಪುರದ ಉದ್ದಕ್ಕೂ ಕುಂದಗನ್ನಡ; ಬ್ರಹ್ಮಾವರ ದಾಟುತ್ತಿದ್ದಂತೆ ತುಳು; ಖಾರ್ವಿಗಳ, ಕ್ರೈಸ್ತರ, ಗೌಡ ಸಾರಸ್ವತರ ಕೊಂಕಣಿ ಮೂರು ಬಗೆ; ಶಿರೂರು, ಗಂಗೊಳ್ಳಿಯಲ್ಲಿ ನವಾಯತಿ. ಪುಸ್ತಕದ ಕನ್ನಡದಲ್ಲಿ ಓದಿದರೆ ಜನ ಶಾಲೆಯ ಪರೀಕ್ಷೆಗೆ ಕೂತವರಂತೆ ಸರಿಯುತ್ತರ ಹುಡುಕುತ್ತಾರೆ. ಕರಡು ಪ್ರಶ್ನೆಗಳನ್ನು ಹತ್ತಾರು ಮಂದಿಗೆ ಓದಿ, ‘ನಿಮಗೆ ಇದರಲ್ಲಿ ಏನು ಕೇಳಿದಂತಾಯಿತು’ ಎಂದು ಅವರ ಮಾತಿನಲ್ಲೇ ಹೇಳಿಸಿ, ಆಮೇಲೆ ತಿದ್ದುವ ಒಂದು ಹಂತವನ್ನು ಮೊದಲಿಗೇ ಇಟ್ಟಿದೆ. ಫೋನು ಮಾಡುವವಳಿಗೆ ಯಾರು ಯಾವ ಗುಂಪು ಎಂದು ತಿಳಿದಿರುವುದಿಲ್ಲ. ಆದರೂ ಮೂರನೆಯ ವಾಕ್ಯಕ್ಕೇ ‘ಆ ಫಾದರ್ ಬಂದಿದ್ದರಲ್ಲ, ಪಾಪ ಒಳ್ಳೆಯವರು’ ಎಂದು ಅತ್ತಲಿನವರು ಹೇಳಿಬಿಟ್ಟರೆ ಯಾರೂ ಏನೂ ಮಾಡುವಂತಿಲ್ಲ. ಎಷ್ಟು ಸಲ ಹಾಗಾಯಿತು ಎಂದು ಗುರುತು ಹಾಕಿಕೊಳ್ಳುವುದಷ್ಟೇ.

ಒಂದು ಮಿತಿಯನ್ನು ಮುಚ್ಚಲು ಹೋಗದಿರುವುದು ನನಗೆ ಹಿಡಿಸಿತು. ಚಾಪ್ಲೇನ್ ಬದಲು ಯಾರೋ ಒಬ್ಬ ಸಂಭಾವಿತ ನಿವೃತ್ತ ಮೇಷ್ಟ್ರು ಅಷ್ಟೇ ಹೊತ್ತು ಕೂತು ಯಕ್ಷಗಾನದ ಮಾತಾಡಿದ್ದರೂ ಅದೇ ಫಲ ಬರುತ್ತಿತ್ತೇನೋ! ಅದನ್ನು ತಿಳಿಯಲು ಮೂರನೆಯ ಗುಂಪು ಬೇಕು, ಇನ್ನೂ 14 ವಾರ ಬೇಕು. ಇರುವ ಹಣಕ್ಕೆ ಅದು ಎಟುಕದು. ಹಾಗಾಗಿ ಈ ಅಧ್ಯಯನ ‘ಭೇಟಿಯಿಂದ ಫಲ’ ಎಂದಷ್ಟೇ ಹೇಳಬಲ್ಲದು, ‘ಚಾಪ್ಲೇನ್ ಎಂಬುದರಿಂದ ಫಲ’ ಎಂದಲ್ಲ, ಎಂದು ಕರಡಿನಲ್ಲೇ ಬರೆದಿದ್ದಾರೆ.

ಮುಂದಿನ ದೃಶ್ಯ ನೈತಿಕ ಸಮಿತಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಸಮಿತಿಯಲ್ಲಿ ಏಳರಿಂದ ಹದಿನೈದು ಸದಸ್ಯರು, ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರಂತೂ ಹೊರಗಿನವರೇ. ಕನಿಷ್ಠ ಐವರು ಸೇರದೆ ತೀರ್ಮಾನವಿಲ್ಲ. ವೈದ್ಯರು, ವಿಜ್ಞಾನಿ, ವಕೀಲರು, ಸಮಾಜ ವಿಜ್ಞಾನಿ ಅಥವಾ ತತ್ತ್ವಶಾಸ್ತ್ರ, ದೇವಶಾಸ್ತ್ರ ಬಲ್ಲವರು, ಜೊತೆಗೆ ಒಬ್ಬ ಸಾಮಾನ್ಯ ನಾಗರಿಕರು. ಬರೀ ಪ್ರಶ್ನೆ ಕೇಳುವ ಅಧ್ಯಯನವಾಗಿದ್ದರೆ ಒಂದಿಬ್ಬರು ಸದಸ್ಯರೇ ಬೇಗ ನೋಡಿ ಮುಗಿಸಬಹುದಿತ್ತು. ಇಲ್ಲಿ ಮಲಗಿದ ರೋಗಿಗೆ ಹೊಸದೊಂದನ್ನು ಮಾಡಲಾಗುತ್ತಿದೆ, ಆದ್ದರಿಂದ ಪೂರ್ಣ ಸಭೆಗೇ ಬರಬೇಕು. ಸಮಿತಿಯ ಒಪ್ಪಿಗೆಯ ನಂತರ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಹೆಸರು ದಾಖಲಾಗಬೇಕು. 2018ರ ಏಪ್ರಿಲ್ ಒಂದರಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿಗೆ ಜಾಗವಿಲ್ಲ.

ಆ ಸಮಿತಿಗೆ ಹೋಗುವ ಮುಂಚಿನ ಮೊದಲ ಓದಿಗೆ ಸಿಕ್ಕವರು ಅಧ್ಯಾಪಕಿಯ ಕೋರಿಕೆಯ ಮೇರೆಗೆ ಒಟ್ಟುಗೂಡಿದ, ಇಂಥ ಸಮಿತಿಗಳಲ್ಲಿ ಕೂತು ಅನುಭವವಿರುವ ಕೆಲವರು. ಉದ್ದನೆಯ ಮೇಜು, ಸ್ಟೀಲ್ ಲೋಟದಲ್ಲಿ ಚಹಾ, ಮೇಲೆ ಗುರುಗುಟ್ಟುವ ಫ್ಯಾನು. ವೈದ್ಯರು ಅಂಕಿಅಂಶಗಳ ಬಗ್ಗೆ ಎರಡು ಪ್ರಶ್ನೆ ಕೇಳಿ ತೃಪ್ತರಾದರು. ವಕೀಲರು ಮತಾಂತರದ ದೂರು ಬಂದರೆ ಯಾರು ಹೊಣೆ ಎಂದರು. ಕರಪತ್ರ ನಿಷೇಧ, ಮನೆಭೇಟಿ ನಿಷೇಧಗಳನ್ನು ಚಾಪ್ಲೇನರಿಂದ ಬರಹದಲ್ಲಿ ಪಡೆಯಬೇಕು, ಒಂದೇ ಒಂದು ದೂರು ಬಂದರೂ ಆ ವಾರದ ಭೇಟಿಗಳನ್ನು ನಿಲ್ಲಿಸಿ ಸಮಿತಿಗೆ ತಿಳಿಸಬೇಕು ಎಂದಾಯಿತು. ಚಾಪ್ಲೇನ್ ಇಲ್ಲದ ವಾರದಲ್ಲಿ ರೋಗಿಯೇ ತನ್ನ ಗುರುಗಳನ್ನೋ ಮೌಲವಿಯನ್ನೋ ಕರೆಸಿಕೊಳ್ಳಲು ಬಯಸಿದರೆ ತಡೆಯುವಂತಿಲ್ಲ, ಅಧ್ಯಯನ ಕೆಟ್ಟರೂ ಸರಿ, ಎಂಬುದಕ್ಕೆ ಯಾರದೂ ತಕರಾರಿರಲಿಲ್ಲ.

ಆಗ ಸಾಮಾನ್ಯ ನಾಗರಿಕರ ಜಾಗದಲ್ಲಿ ಕೂತಿದ್ದ ನಿವೃತ್ತ ಶಿಕ್ಷಕಿ ಕನ್ನಡಕ ತೆಗೆದು ಕೇಳಿದರು: ‘ಬೇಡ ಅಂತ ಹೇಳೂದ್ ಹ್ಯಾಂಗೆ ಅವ್ರ್?’

ಒಪ್ಪಿಗೆ ಪತ್ರದಲ್ಲಿ ಎಲ್ಲ ಇತ್ತು. ಭಾಗವಹಿಸುವುದು ಸ್ವಇಚ್ಛೆ, ಯಾವಾಗ ಬೇಕಾದರೂ ಬಿಡಬಹುದು, ಚಿಕಿತ್ಸೆಗೆ ತೊಂದರೆಯಿಲ್ಲ. ಶಿಕ್ಷಕಿ ಕೇಳಿದ್ದು ಕಾಗದದ ಬಗ್ಗೆ ಅಲ್ಲ. ಅವರು ಬಣ್ಣಿಸಿದ ಚಿತ್ರ ಇದು. ಉಪ್ಪುಂದದ ಅಜ್ಜಿ ಮಲಗಿದ್ದಾಳೆ. ಬಿಳಿ ಕೋಟಿನ ಹುಡುಗಿ ಬಂದು ನಯವಾಗಿ ಕೇಳುತ್ತಾಳೆ. ಸುತ್ತ ಆರು ಹಾಸಿಗೆಯವರು ಕಿವಿ ನಿಗುರಿಸಿದ್ದಾರೆ. ಬೇಡ ಎಂದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೇನೋ. ದೇವರ ವಿಷಯ, ಬೇಡ ಎನ್ನಬಾರದೇನೋ. ಅಜ್ಜಿ ಹೇಳುವುದು ಒಂದೇ: ‘ಅಡ್ಡಿಲ್ಲೆ ಮಗಾ.’ ಅವಳು ಆಸ್ಪತ್ರೆಯ ಉಪ್ಪಿಟ್ಟಿಗೂ ಹಾಗೇ ಹೇಳುತ್ತಾಳೆ, ಇಂಜೆಕ್ಷನ್ನಿಗೂ ಹಾಗೇ ಹೇಳುತ್ತಾಳೆ. ಅದನ್ನು ಒಪ್ಪಿಗೆ ಎಂದು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದರೆ ಕಾನೂನು ಸುಮ್ಮನಿರಬಹುದು. ‘ನಾನ್ ಸುಮ್ನಿರುದಿಲ್ಲೆ’ ಎಂದರು ಶಿಕ್ಷಕಿ.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗಲೇ ಕರಡು ನಿಜವಾಗಿ ಬದಲಾದದ್ದು. ಹಿಂದಿನ ದಿನವೇ ಮಾಹಿತಿ ಓದಿ ಹೇಳಿ, ಉತ್ತರವನ್ನು ಮರುದಿನ ಕೇಳುವುದೆಂದಾಯಿತು. ಸಂಜೆ ಮನೆಯವರೊಂದಿಗೆ ಮಾತಾಡಲು ಹೊತ್ತು ಸಿಗಲಿ ಎಂಬ ಲೆಕ್ಕ. ಕೇಳುವುದು ವಾರ್ಡಿನಲ್ಲಲ್ಲ, ನಡೆಯಬಲ್ಲವರನ್ನು ಪಕ್ಕದ ಕೋಣೆಯಲ್ಲಿ, ಏಳಲಾಗದವರನ್ನು ಪರದೆ ಎಳೆದು, ನೆಂಟರ ಗದ್ದಲವಿಲ್ಲದ ಬೆಳಗಿನ ಹೊತ್ತು. ‘ಆಗಬಹುದೇ’ ಎಂದು ಕೇಳುವ ಬದಲು, ‘ನಿಮಗೆ ಒಬ್ಬರು ಬಂದು ಮಾತಾಡುವುದು ಬೇಕಾ, ಅಥವಾ ಸುಮ್ಮನೆ ಮಲಗುವುದು ಒಳ್ಳೆಯದಾ’ ಎಂದು ಎರಡನ್ನೂ ಸಮನಾಗಿ ಮುಂದಿಡಬೇಕು. ತಾನು ಒಪ್ಪಿದ್ದು ಏನಕ್ಕೆ ಎಂದು ರೋಗಿ ತನ್ನ ಮಾತಿನಲ್ಲಿ ಹೇಳಬೇಕು. ‘ಈ ಜನ ಬಂದರೆ ಕಾಲು ಬೇಗ ವಾಸಿಯಾಗುತ್ತದೆ’ ಎಂದರೆ ಆ ಒಪ್ಪಿಗೆ ಒಪ್ಪಿಗೆಯಲ್ಲ, ಮತ್ತೆ ವಿವರಿಸಬೇಕು. ಓದು ಬಾರದವರ ಹೆಬ್ಬೆಟ್ಟಿಗೆ ಸಾಕ್ಷಿಯಾಗುವವರು ಆಸ್ಪತ್ರೆಯ ನೌಕರರಾಗಬಾರದು, ಚಾಪ್ಲೇನಂತೂ ಆಗಲೇಬಾರದು. ಭೇಟಿಯ ನಡುವೆ ಬೇಡವೆನಿಸಿದರೆ ‘ಸ್ವಲ್ಪ ಮಲಗ್ತೆ’ ಎಂದರೆ ಸಾಕು, ಚಾಪ್ಲೇನ್ ಎದ್ದು ಹೋಗಬೇಕು, ಯಾಕೆಂದು ಕೇಳಬಾರದು.

ಶಿಕ್ಷಕಿ ಇನ್ನೊಂದು ಮಾತು ಸೇರಿಸಿದರು. ಇಷ್ಟೆಲ್ಲ ಮಾಡಿದ ಮೇಲೂ ನೂರಕ್ಕೆ ನೂರು ಮಂದಿ ಒಪ್ಪಿದರೆ ಅದನ್ನು ಯಶಸ್ಸು ಎಂದು ತಿಳಿಯಬೇಡಿ, ಕೇಳುವ ಕ್ರಮದಲ್ಲೇ ಎಲ್ಲೋ ಒತ್ತಾಯ ಇದೆ ಎಂದು ತಿಳಿದು ನಿಲ್ಲಿಸಿ. ಸಮಿತಿಗಳಲ್ಲಿ ಕೂತ ಹತ್ತು ಮಂದಿ ತಜ್ಞರಿಗೆ ಹೊಳೆಯದ್ದು ಇದು ಎಂದು ನನಗನ್ನಿಸಿತು. ಮೊದಲ ಎರಡು ವಾರದಲ್ಲಿ ಒಬ್ಬರೂ ನಿರಾಕರಿಸದಿದ್ದರೆ ಒಪ್ಪಿಗೆ ಕೇಳುವ ಕ್ರಮವನ್ನು ಮರುಪರಿಶೀಲಿಸಬೇಕು ಎಂಬ ಸಾಲು ಕರಡಿಗೆ ಬಂತು.

ಕೇಳಿಸಿಕೊಳ್ಳುವುದರಲ್ಲೇ ಇನ್ನೊಂದು ಅಪಾಯವಿದೆ. ಬಾಯಿಬಿಟ್ಟವರು ‘ಸಾಕಾಗಿದೆ, ಬದುಕುವುದೇ ಬೇಡ’ ಎಂದುಬಿಟ್ಟರೆ? ಅದು ಗುಟ್ಟಾಗಿ ಉಳಿಯುವಂತಿಲ್ಲ ಎಂದು ಮೊದಲ ಭೇಟಿಯ ಮೊದಲ ನಿಮಿಷದಲ್ಲೇ ಚಾಪ್ಲೇನ್ ಹೇಳಿರಬೇಕು. ಅಂಥ ಮಾತು ಬಂದರೆ ಅದೇ ಹೊತ್ತಿಗೆ ಡ್ಯೂಟಿ ಡಾಕ್ಟರಿಗೆ, ಅದೇ ದಿನ ಮನೋವೈದ್ಯರಿಗೆ. ಮನೆಗೆ ಹೋದ ಮೇಲಿನ ಫೋನಿನಲ್ಲಿ ಬಂದರೆ ಟೆಲಿ ಮಾನಸ್‌ನ 14416ಕ್ಕೆ ಜೋಡಿಸಿ, ಲೈನಿನಲ್ಲಿ ಜೊತೆಗಿರಬೇಕು. ಇದನ್ನು ನೋಡಿಕೊಳ್ಳುವ ವೈದ್ಯರ ಹೆಸರು ಪ್ರೋಟೋಕಾಲಿನಲ್ಲಿ ಇರಲೇಬೇಕು.

ಹೆಸರುಗಳನ್ನು ಅಡಗಿಸುವ ಬಗ್ಗೆ ಕರಡು ಮೊದಲು ಸುಲಭವಾಗಿ ಬರೆದಿತ್ತು: ಹೆಸರಿನ ಬದಲು ಸಂಖ್ಯೆ. ಆದರೆ ಶಿರೂರಿನ ಹತ್ತಿರದ ಸಣ್ಣ ಊರು, ಐವತ್ತು ದಾಟಿದ ಹೆಂಗಸು, ಕ್ರೈಸ್ತರು, ಸೊಂಟ ಮುರಿದವರು ಎಂದು ಬರೆದರೆ ಹೆಸರು ಬೇಕೇ? ಆ ಊರಿನಲ್ಲಿ ಅಂಥವರು ಒಬ್ಬರೇ. ಹಾಗಾಗಿ ಊರಿನ ಬದಲು ತಾಲ್ಲೂಕು, ವಯಸ್ಸಿನ ಬದಲು ಹತ್ತು ವರ್ಷದ ಅಂತರ, ಧರ್ಮದ ಮಾಹಿತಿ ಬೇರೆಯೇ ಕಡತದಲ್ಲಿ ಬೀಗದೊಳಗೆ. ಐದಕ್ಕಿಂತ ಕಡಿಮೆ ಮಂದಿ ಬರುವ ಯಾವ ಕೋಷ್ಟಕವನ್ನೂ ಅಚ್ಚು ಹಾಕುವಂತಿಲ್ಲ. ಧರ್ಮದ ಪ್ರಕಾರ ಫಲ ಹೆಚ್ಚೋ ಕಡಿಮೆಯೋ ಎಂಬ ವಿಂಗಡಣೆಯನ್ನು ಮಾಡುವುದೇ ಇಲ್ಲ ಎಂದು ಮೊದಲೇ ಬರೆದುಕೊಟ್ಟಿದ್ದಾರೆ. 276 ಮಂದಿಯಲ್ಲಿ ಅದಕ್ಕೆ ಉತ್ತರ ಸಿಗುವಷ್ಟು ಜನ ಇರುವುದಿಲ್ಲ, ಆದರೆ ಪೇಪರಿನಲ್ಲಿ ತಲೆಬರಹ ಮಾತ್ರ ಸಿಗುತ್ತದೆ.

ಓದು ಮುಗಿದು ಚಹಾದ ಲೋಟಗಳು ಮೇಜಿನಿಂದ ಇಳಿಯುವ ಹೊತ್ತಿಗೆ, ಅಷ್ಟೂ ಹೊತ್ತು ಬಾಗಿಲ ಪಕ್ಕ ಸುಮ್ಮನೆ ಕೂತಿದ್ದ ಒಬ್ಬರು ಮಾತಾಡಿದರು. ಭೇಟಿಗಳನ್ನು ಮಾಡಲು ಒಪ್ಪಿರುವ ಚಾಪ್ಲೇನ್ ಅವರು, ದೇವಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ‘ಫಲ ಏನೂ ಇಲ್ಲ ಅಂತ ಬಂದರೆ ಅದನ್ನೂ ಪ್ರಕಟಿಸ್ತೀರಾ ಮೇಡಂ?’ ಎಂದು ಕೇಳಿದರು. ಅಧ್ಯಾಪಕಿ ಪುಟ ತಿರುಗಿಸಿ ತೋರಿಸಿದರು. ಅಂಕಿಗಳನ್ನು ವಿಶ್ಲೇಷಿಸುವವರು ಹೊರಗಿನ ಸಂಖ್ಯಾಶಾಸ್ತ್ರಜ್ಞರು, ಅವರಿಗೆ ಗುಂಪುಗಳು ‘ಅ’ ಮತ್ತು ‘ಆ’ ಎಂದಷ್ಟೇ ಗೊತ್ತು. ಮುಖ್ಯ ಅಳತೆ ಹದಿನಾಲ್ಕನೆಯ ದಿನದ ಆ ಐದು ಪ್ರಶ್ನೆ, ಅದನ್ನು ನಡುವೆ ಬದಲಿಸುವಂತಿಲ್ಲ. ಕೊನೆಯ ಫೋನು ಮುಗಿದ ಹನ್ನೆರಡು ತಿಂಗಳೊಳಗೆ, ಫಲ ಯಾವ ಕಡೆ ಬಂದರೂ ಪ್ರಕಟಣೆ. ಚಾಪ್ಲೇನ್ ಆ ಪುಟವನ್ನು ಎರಡು ಸಲ ಓದಿದರು. ‘ಹಾಗಾದರೆ ಅಡ್ಡಿಲ್ಲ’ ಎಂದು, ಕರಪತ್ರ ಕೊಡುವುದಿಲ್ಲ, ಮನೆಗೆ ಹೋಗುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಲು ಪೆನ್ನು ಕೇಳಿದರು. ಸಮಿತಿಯ ಅನುಮತಿ ಬರುವ ತನಕ ಸಹಿ ಬೇಡ ಎಂದು ವಕೀಲರು ತಡೆದರು.